ಆಫರ್ ಪತ್ರದ ಹಣ ಯಾವ ಬಗೆಯದು?

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟವರು ಆಫರ್ ಪತ್ರದಲ್ಲಿ ಡಾಲರ್ ಮೊತ್ತ ಕಂಡೊಡನೆ ಹಿಗ್ಗುವುದು ಸಹಜ. ಆದರೆ ಆ ಹಣ ಯಾವ ಬಗೆಯದೆಂದು ಮೊದಲು ನೋಡಿ.

ಮೆರಿಟ್ ಸ್ಕಾಲರ್‌ಶಿಪ್ ನಿಮ್ಮ ಅಂಕ, ಸಾಧನೆ ನೋಡಿ ಕೊಡುವಂಥದ್ದು. ಹೆಚ್ಚಾಗಿ ಶುಲ್ಕದ ಒಂದು ಭಾಗವಷ್ಟೇ ಇಳಿಯುತ್ತದೆ. ಮನೆಯ ಆದಾಯ ನೋಡಿ ಅಲ್ಲಿನ ಕೇಂದ್ರ ಸರ್ಕಾರ ಕೊಡುವ ನೆರವು ಎಫ್-1 ವೀಸಾದವರಿಗಿಲ್ಲ, ಅದನ್ನು ನೆಚ್ಚಬೇಡಿ. ಟ್ಯೂಷನ್ ವೇವರ್ ಎಂದರೆ ಬೋಧನಾ ಶುಲ್ಕದ ಮನ್ನಾ. ಕೈಗೆ ಕಾಸು ಬರುವುದಿಲ್ಲ. ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಒಂದು ಕೆಲಸ. ಲ್ಯಾಬ್ ನಡೆಸಬೇಕು, ಉತ್ತರಪತ್ರಿಕೆ ತಿದ್ದಬೇಕು. ತರಗತಿಗಳಿರುವಾಗ ವಾರಕ್ಕೆ 20 ಗಂಟೆಯ ಮಿತಿ. ಅದಕ್ಕೆ ಸಂಬಳ, ಹಲವೆಡೆ ಜೊತೆಗೆ ವೇವರ್ ಕೂಡ.

ವರ್ಷದ ಶುಲ್ಕ 30,000 ಡಾಲರ್ ಎಂದಿಟ್ಟುಕೊಳ್ಳಿ. 10,000 ಡಾಲರ್ ಸ್ಕಾಲರ್‌ಶಿಪ್ ಬಂದರೂ ಉಳಿದ 20,000, ಊಟ, ಬಾಡಿಗೆ ಎಲ್ಲವೂ ನಿಮ್ಮ ತಲೆಯ ಮೇಲೆ. ಅದೇ, ಪೂರ್ತಿ ವೇವರ್ ಜೊತೆಗೆ ಒಂಬತ್ತು ತಿಂಗಳು 2,000ದಂತೆ ಟಿ.ಎ. ಸಂಬಳ ಸಿಕ್ಕರೆ ಬೋಧನಾ ಶುಲ್ಕವೇ ಇಲ್ಲ, 18,000 ಸಂಪಾದನೆ. ಅದರಲ್ಲಿ ತೆರಿಗೆ ಕಳೆಯಿರಿ. ವೇವರ್‌ಗೆ ಸೇರದ ಇತರ ಫೀ, ಆರೋಗ್ಯ ವಿಮೆ, ಸಂಬಳವಿಲ್ಲದ ಬೇಸಿಗೆಯ ಮೂರು ತಿಂಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಪ್ಪಿಗೆ ಕೊಡುವ ಮುನ್ನ ವಿಭಾಗಕ್ಕೆ ಮೇಲ್ ಮಾಡಿ: ನೆರವು ಒಂದು ಸೆಮಿಸ್ಟರ್‌ಗೋ, ಎರಡು ವರ್ಷಕ್ಕೋ? ಜಿಪಿಎ ಎಷ್ಟಿರಬೇಕು? ಫೀ, ವಿಮೆ ಸೇರಿವೆಯೇ? ಉತ್ತರ ಬರಹದಲ್ಲೇ ಇರಲಿ. “ಬಂದ ಮೇಲೆ ಟಿ.ಎ. ಸಿಗಬಹುದು” ಎಂಬ ಮಾತು ನಂಬಿ ಬ್ಯಾಂಕ್ ಸಾಲ ಕಡಿಮೆ ಕೇಳಬೇಡಿ.