ಬಿಟ್ಟುಹೋದ ರೋಜಾ: ಎಷ್ಟು ಎಂದಷ್ಟೇ ಅಲ್ಲ, ಏಕೆ ಎಂದೂ ಬರೆದಿಡಿ

ರಂಜಾನ್‌ನಲ್ಲಿ ಗರ್ಭಿಣಿಯೊಬ್ಬಳಿಗೆ ಉಪವಾಸ ಹಿಡಿಯಲಾಗದಿದ್ದರೆ ಎಷ್ಟೋ ಮನೆಗಳಲ್ಲಿ ಬಡವರಿಗೆ ಊಟ ಹಾಕಿಸಿ ‘ಫಿದ್ಯಾ ಕೊಟ್ಟಾಯಿತು, ಇನ್ನು ಬಾಕಿ ಇಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ಇದು ತಪ್ಪು. ಮುಂದೆ ಉಪವಾಸ ಹಿಡಿಯುವ ಶಕ್ತಿ ಬರುತ್ತದೆ ಎಂಬ ಭರವಸೆ ಇರುವವರು ಬಿಟ್ಟ ದಿನಗಳನ್ನು ಉಪವಾಸದಿಂದಲೇ ತೀರಿಸಬೇಕು. ಅದೇ ಖಜಾ. ರೋಗಿಗಳು ಮತ್ತು ಪ್ರಯಾಣಿಕರು ಬೇರೆ ದಿನಗಳಲ್ಲಿ ಅಷ್ಟೇ ಸಂಖ್ಯೆಯನ್ನು ಪೂರೈಸಬೇಕೆಂದು ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲಿ ಹೇಳಿದೆ. ಖಜಾ ಹಿಡಿಯುವ ಭರವಸೆಯೇ ಇಲ್ಲದ ವೃದ್ಧರು ಮತ್ತು ವಾಸಿಯಾಗದ ಕಾಯಿಲೆಯವರು ಮಾತ್ರ ಅದರ ಬದಲು ಫಿದ್ಯಾ ಕೊಡುತ್ತಾರೆ.

ಹಾಗಾಗಿ ಮೊದಲ ಕೆಲಸ, ಕ್ಯಾಲೆಂಡರಿನಲ್ಲಿ ಬಿಟ್ಟ ದಿನದ ಪಕ್ಕ ಕಾರಣವನ್ನೂ ಬರೆಯುವುದು. ಇದರ ಮಹತ್ವ ಒಂದು ಉದಾಹರಣೆಯಿಂದ ತಿಳಿಯುತ್ತದೆ.

ಮಂಗಳೂರಿನ ಬ್ಯಾರಿ ಮನೆಯ ಹೆಣ್ಣುಮಗಳು, ಐದು ತಿಂಗಳ ಗರ್ಭಿಣಿ ಎಂದುಕೊಳ್ಳಿ. ಆ ವರ್ಷದ ರಂಜಾನ್ 29 ದಿನ. ಮೊದಲ 14 ದಿನ ಉಪವಾಸ ಹಿಡಿದಳು. ಆಮೇಲೆ ವಾಂತಿ, ತಲೆಸುತ್ತು ಹೆಚ್ಚಿ ತನ್ನ ಆರೋಗ್ಯಕ್ಕೆ ಹೆದರಿ 6 ದಿನ ಬಿಟ್ಟಳು. ಅಷ್ಟರಲ್ಲಿ ಸ್ಕ್ಯಾನ್‌ನಲ್ಲಿ ಗರ್ಭದ ನೀರು ಕಡಿಮೆ ಕಂಡಿತು. ಉಪವಾಸದಿಂದ ಮಗುವಿಗೆ ತೊಂದರೆಯಾದೀತು ಎಂದು ವೈದ್ಯರು ಹೇಳಿದ್ದರಿಂದ ಉಳಿದ 9 ದಿನವನ್ನೂ ಬಿಟ್ಟಳು. ಒಟ್ಟು ಬಾಕಿ 15.

ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥದವರು. ಆ ಪಂಥದ ಪ್ರಕಾರ ತನ್ನ ಆರೋಗ್ಯಕ್ಕಾಗಿ ಬಿಟ್ಟ 6 ದಿನಕ್ಕೆ ಖಜಾ ಮಾತ್ರ ಸಾಕು. ಮಗುವಿಗಾಗಿಯೇ ಬಿಟ್ಟ 9 ದಿನಕ್ಕೆ ಖಜಾದ ಜೊತೆಗೆ ದಿನಕ್ಕೊಂದು ‘ಮುದ್ದ್’ ಧಾನ್ಯವನ್ನು ಬಡವರಿಗೆ ಕೊಡಬೇಕು. ಮುದ್ದ್ ಎಂಬುದು ಅಳತೆಯ ಪಾತ್ರೆಯ ಲೆಕ್ಕ. ತೂಕದಲ್ಲಿ ಮುಕ್ಕಾಲು ಕಿಲೋ ಅಕ್ಕಿ ಕೊಟ್ಟರೆ ಕೊರತೆಯಾಗದು. 9 ದಿನಕ್ಕೆ 6.75 ಕಿಲೋ. ಇದೇ ಹೆಣ್ಣುಮಗಳು ಒಳನಾಡಿನ ಬಹುಪಾಲು ಮುಸ್ಲಿಮರಂತೆ ಹನಫಿ ಪಂಥದವಳಾಗಿದ್ದರೆ 15 ಖಜಾ ಅಷ್ಟೇ, ಫಿದ್ಯಾ ಇಲ್ಲ. ಹಾಲುಣಿಸುವ ತಾಯಂದಿರಿಗೂ ಇದೇ ಲೆಕ್ಕ. ‘ಬಿಟ್ಟದ್ದು 15’ ಎಂದಷ್ಟೇ ಬರೆದಿದ್ದರೆ ಆರು ತಿಂಗಳ ನಂತರ ಯಾವ ದಿನ ಯಾವುದಕ್ಕಾಗಿ ಬಿಟ್ಟದ್ದೆಂದು ಯಾರಿಗೆ ನೆನಪಿರುತ್ತದೆ?

ಉಪವಾಸ ಹಿಡಿದ ದಿನವೇ ರಕ್ತಸ್ರಾವ ಕಂಡರೆ, ಮಗುವಿನ ಚಲನೆ ಕಡಿಮೆಯಾದರೆ ಅಥವಾ ಕಣ್ಣು ಕತ್ತಲಿಟ್ಟರೆ ಇಫ್ತಾರ್‌ವರೆಗೆ ಕಾಯಬೇಡಿ. ಉಪವಾಸ ಬಿಟ್ಟು ಆಸ್ಪತ್ರೆಗೆ ಹೋಗಿ. ಮಧುಮೇಹಿಗಳು ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಕೂಡಲೇ ಉಪವಾಸ ಮುರಿಯಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ. ಹೀಗೆ ಕಾರಣವಿದ್ದು ಬಿಟ್ಟ ಉಪವಾಸಕ್ಕೆ ಕಫ್ಫಾರಾದ ದಂಡವೂ ಇಲ್ಲ. ಸಣ್ಣ ನೆಗಡಿ, ತಲೆನೋವು ಮಾತ್ರ ರಿಯಾಯಿತಿಗೆ ಸಾಲದು.

ಪ್ರಯಾಣಿಕರ ವಿಷಯ ಸರಳ. ಸುಮಾರು 80 ಕಿಲೋಮೀಟರ್‌ಗಿಂತ ದೂರದ ಪ್ರಯಾಣಕ್ಕೆ ವಿನಾಯಿತಿ ಉಂಟು. ಆದರೆ ಹೊರಡುವ ಹೊತ್ತು ಮುಖ್ಯ. ಬೆಳಗಿನ ಹತ್ತು ಗಂಟೆಗೆ ಮಂಗಳೂರಿನಿಂದ ಬೆಂಗಳೂರಿನ ಬಸ್ಸು ಹತ್ತುವವರು ಫಜರ್ ಹೊತ್ತಿಗೆ ಊರಲ್ಲೇ ಇದ್ದುದರಿಂದ ಆ ದಿನದ ಉಪವಾಸ ಹಿಡಿಯಲೇಬೇಕು. ಹಿಂದಿನ ರಾತ್ರಿಯೇ ಊರು ದಾಟಿದವರು ಬಿಡಬಹುದು. ತಲುಪಿದ ಊರಲ್ಲಿ ಹನಫಿಗಳು 15 ದಿನ, ಶಾಫಿಗಳು ಹೋದ ದಿನ ಮತ್ತು ಬರುವ ದಿನ ಬಿಟ್ಟು 4 ದಿನ ತಂಗುವ ಉದ್ದೇಶ ಇಟ್ಟುಕೊಂಡಿದ್ದರೆ ಅಲ್ಲಿ ಅವರು ಪ್ರಯಾಣಿಕರಲ್ಲ.

ಇನ್ನು ಖಜಾ ತೀರಿಸುವ ಬಗೆ. ಒಂದೇ ಸಮನೆ ಹಿಡಿಯಬೇಕೆಂದಿಲ್ಲ. ನಮ್ಮ ಮಂಗಳೂರಿನ ತಾಯಿಯನ್ನೇ ನೋಡಿ: ಫೆಬ್ರುವರಿ, ಮಾರ್ಚಿನಲ್ಲಿ ರಂಜಾನ್, ಜುಲೈ ಹೊತ್ತಿಗೆ ಹೆರಿಗೆ. ಬಾಣಂತನದ ರಕ್ತಸ್ರಾವ ಇರುವಷ್ಟು ದಿನ ಉಪವಾಸ ಸಲ್ಲದು. ಮೈ ಗಟ್ಟಿಯಾಗಿ, ಹಾಲು ಸರಿಯಾಗಿ ಬರತೊಡಗಿದ ಮೇಲೆ ನವೆಂಬರಿನಿಂದ ಪ್ರತಿ ಸೋಮವಾರ, ಗುರುವಾರ ಹಿಡಿದರೆ ಎಂಟು ವಾರಗಳಲ್ಲಿ 15 ಮುಗಿಯುತ್ತದೆ. ಚಳಿಗಾಲದ ಹಗಲು ಬೇಸಿಗೆಯದಕ್ಕಿಂತ ಒಂದು ಗಂಟೆಗೂ ಹೆಚ್ಚು ಚಿಕ್ಕದು. ಎಳೆಮಗುವಿನ ತಾಯಿಗೆ ಅದೂ ದೊಡ್ಡ ಅನುಕೂಲ. ಎಡವುವುದು ಹೆಚ್ಚಾಗಿ ನಿಯ್ಯತ್ತಿನಲ್ಲಿ. ‘ನಾಳೆ ರಂಜಾನಿನ ಖಜಾ ಹಿಡಿಯುತ್ತೇನೆ’ ಎಂಬ ಸಂಕಲ್ಪ ಫಜರ್‌ಗೆ ಮೊದಲೇ ಆಗಿರಬೇಕು. ಬೆಳಿಗ್ಗೆ ಎದ್ದ ಮೇಲೆ ನಿರ್ಧರಿಸಿದರೆ ಅದು ಖಜಾ ಎನಿಸದು. ಎರಡು ಈದ್‌ಗಳಂದು ಮತ್ತು ಬಕ್ರೀದ್ ನಂತರದ ಮೂರು ದಿನ ಉಪವಾಸ ಹಿಡಿಯುವಂತಿಲ್ಲ.

ಕಾರಣವಿಲ್ಲದೆ ಮುಂದಿನ ರಂಜಾನ್ ದಾಟಿಸಿದರೆ ಶಾಫಿಗಳು ದಿನಕ್ಕೊಂದು ಮುದ್ದ್ ಹೆಚ್ಚುವರಿ ಕೊಡಬೇಕು. ಹಾಲುಣಿಸುವುದೋ ಕಾಯಿಲೆಯೋ ಮುಂದುವರಿದು ತಡವಾದರೆ ಈ ಹೆಚ್ಚುವರಿ ಇಲ್ಲ. ಹನಫಿಗಳಲ್ಲಿ ತಡವಾದುದಕ್ಕೆ ಫಿದ್ಯಾ ಇಲ್ಲ, ಖಜಾ ಮಾತ್ರ ಉಳಿದೇ ಇರುತ್ತದೆ. ನಿಮ್ಮ ಪ್ರಕರಣ ಇದಕ್ಕಿಂತ ತೊಡಕಿನದಾದರೆ ವೈದ್ಯರ ಚೀಟಿಯನ್ನೂ ಗುರುತು ಹಾಕಿದ ಕ್ಯಾಲೆಂಡರನ್ನೂ ಹಿಡಿದುಕೊಂಡು ನಿಮ್ಮ ಮೊಹಲ್ಲಾದ ಉಸ್ತಾದರನ್ನೋ ಮೌಲಾನಾರನ್ನೋ ಕೇಳಿ.

ಪ್ರವಾದಿಯವರ ಪತ್ನಿ ಆಯಿಶಾ ಅವರು ತಮ್ಮ ಬಾಕಿ ಉಪವಾಸಗಳನ್ನು ರಂಜಾನಿಗೆ ಮುಂಚಿನ ಶಅಬಾನ್ ತಿಂಗಳಲ್ಲಿ ತೀರಿಸುತ್ತಿದ್ದರು. ನಿಮಗೂ ಆ ತಿಂಗಳ ಕೊನೆಯವರೆಗೆ ಸಮಯವಿದೆ.