ಇಡಿಗಂಟಿಗೆ ವಿನಾಯಿತಿ, ಅದರ ಬಡ್ಡಿಗೆ ಇಲ್ಲ

ನಿವೃತ್ತ ಸರ್ಕಾರಿ ನೌಕರರು ತಮ್ಮ ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಇಡಿಗಂಟಾಗಿ ಪಡೆಯುವ ವ್ಯವಸ್ಥೆಗೆ ಕಮ್ಯುಟೇಷನ್ ಎಂದು ಹೆಸರು. ಈ ಮೊತ್ತಕ್ಕೆ ಆದಾಯ ತೆರಿಗೆಯಿಂದ ಪೂರ್ಣ ವಿನಾಯಿತಿಯಿದ್ದು, ಗ್ರಾಚ್ಯುಟಿ ಪಡೆದ ಖಾಸಗಿ ನೌಕರರಿಗಾದರೆ ಇಡೀ ಪಿಂಚಣಿಯ ಕಮ್ಯುಟೇಷನ್ ಮೌಲ್ಯದ ಮೂರನೇ ಒಂದು ಭಾಗಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆ. ವಿನಾಯಿತಿ ಇರುವುದು ಗಂಟಿಗೆ ಮಾತ್ರ, ಅದನ್ನು ಠೇವಣಿಯಿಟ್ಟಾಗ ಬರುವ ಬಡ್ಡಿಗಲ್ಲ ಎಂಬ ಅಂಶವನ್ನು ಅನೇಕರು ಗಮನಿಸುವುದಿಲ್ಲವೆಂಬುದು ಈ ಅಂಕಣಕಾರರ ಅನುಭವ.

ಕೇಂದ್ರ ಸರ್ಕಾರದ ನೌಕರರೊಬ್ಬರು 60ನೇ ವಯಸ್ಸಿನಲ್ಲಿ ತಿಂಗಳಿಗೆ 50,000 ರೂ. ಮೂಲ ಪಿಂಚಣಿಯೊಂದಿಗೆ ನಿವೃತ್ತರಾಗಿ, ಗರಿಷ್ಠ ಮಿತಿಯಾದ ಶೇ 40ರಷ್ಟನ್ನು, ಅಂದರೆ 20,000 ರೂ.ಗಳನ್ನು ಕಮ್ಯೂಟ್ ಮಾಡಿದರೆಂದು ಭಾವಿಸೋಣ. ನಿಗದಿತ ಗುಣಕ 8.194 ಆಗಿರುವುದರಿಂದ ಅವರ ಕೈಗೆ 19,66,560 ರೂ. ಸೇರುತ್ತದೆ. 15 ವರ್ಷಗಳ ತನಕ ಮಾಸಿಕ ಪಿಂಚಣಿ 30,000 ರೂ.ಗೆ ಇಳಿಯುತ್ತದೆಯಾದರೂ, ಬೆಲೆಯೇರಿಕೆಗಾಗಿ ಕೊಡುವ ತುಟ್ಟಿ ಪರಿಹಾರವನ್ನು ಮೂಲ 50,000 ರೂ. ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಅದು ಶೇ 55 ಎಂದಿಟ್ಟುಕೊಂಡರೆ ವರ್ಷದ ಪಿಂಚಣಿ 6,90,000 ರೂ. ಆಗುತ್ತದೆ. ಇದನ್ನು ವೇತನವೆಂದೇ ಪರಿಗಣಿಸುವುದರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂ. ಪ್ರಮಾಣಿತ ಕಡಿತ ದೊರೆಯುತ್ತದೆ.

ಇವರು ಗ್ರಾಚ್ಯುಟಿಯನ್ನೂ ಸೇರಿಸಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ರೂ. ತೊಡಗಿಸಿದರೆ, ಶೇ 8.2ರ ದರದಲ್ಲಿ ವರ್ಷಕ್ಕೆ 2,46,000 ರೂ. ಬಡ್ಡಿ ಬಂದು, ತೆರಿಗೆಗೆ ಒಳಪಡುವ ಆದಾಯ 8,61,000 ರೂ. ಆಗುತ್ತದೆ. 2025-26ರ ನಿಯಮದಂತೆ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ತೆರಿಗೆ ಶೂನ್ಯ. ಆದರೂ ವರ್ಷದ ಬಡ್ಡಿ 1 ಲಕ್ಷ ರೂ. ದಾಟಿರುವುದರಿಂದ, ತೆರಿಗೆ ಬಾಕಿ ಇರುವುದಿಲ್ಲವೆಂದು ಘೋಷಿಸುವ 15ಎಚ್ ನಮೂನೆಯನ್ನು ವರ್ಷಾರಂಭದಲ್ಲೇ ಸಲ್ಲಿಸದಿದ್ದರೆ ಶೇ 10ರಷ್ಟು, ಅಂದರೆ 24,600 ರೂ. ಟಿಡಿಎಸ್ ಆಗಿ ಕಡಿತವಾಗಿ, ರಿಟರ್ನ್ಸ್ ಸಲ್ಲಿಸಿ ಮರುಪಾವತಿ ಬರುವವರೆಗೆ ಸಿಲುಕಿಕೊಳ್ಳುತ್ತದೆ. ನಮೂನೆ ಕೊಟ್ಟ ಮಾತ್ರಕ್ಕೆ ಬಡ್ಡಿ ತೆರಿಗೆಮುಕ್ತವಾಗದು. ರಿಟರ್ನ್ಸ್‌ನಲ್ಲಿ ಅದನ್ನು ತೋರಿಸಲೇಬೇಕು.

ಇದಕ್ಕಿಂತ ದುಬಾರಿಯಾಗಬಲ್ಲದ್ದು, ಬಡ್ಡಿಯನ್ನು ಅವಧಿಯ ಕೊನೆಗೆ ಒಟ್ಟಿಗೆ ಕೊಡುವ ಸಂಚಿತ ಠೇವಣಿ. ಇದೇ ವ್ಯಕ್ತಿ ಇನ್ನೂ 10 ಲಕ್ಷ ರೂ.ಗಳನ್ನು ಐದು ವರ್ಷಕ್ಕೆ ಹೀಗೆ ಇಟ್ಟು, ಸುಮಾರು 4 ಲಕ್ಷ ರೂ. ಬಡ್ಡಿಯನ್ನು ಹಣ ಕೈಸೇರಿದ ವರ್ಷದಲ್ಲೇ ಪೂರ್ತಿ ತೋರಿಸಿದರೆ, ಉಳಿದೆಲ್ಲವೂ ಹೀಗೆಯೇ ಇದ್ದಲ್ಲಿ, ಆದಾಯ 12,61,000 ರೂ.ಗೆ ಏರಿ, ಮಿತಿ ಮೀರಿದವರಿಗೆ ಸಿಗುವ ಅಂಚಿನ ಪರಿಹಾರದ ಬಳಿಕವೂ, ಸೆಸ್ ಸೇರಿ 63,440 ರೂ. ತೆರಿಗೆ ಬೀಳುತ್ತದೆ. ವರ್ಷವರ್ಷವೂ ಸಂಚಯಗೊಂಡ ಬಡ್ಡಿಯನ್ನು, ಸರಾಸರಿ 80,000 ರೂ.ನಂತೆ, ಆಯಾ ವರ್ಷವೇ ತೋರಿಸಿದ್ದರೆ ಈ ತೆರಿಗೆ ಇರುತ್ತಲೇ ಇರಲಿಲ್ಲ. ಬ್ಯಾಂಕುಗಳು ಸಂಚಿತ ಬಡ್ಡಿಯನ್ನು ಇಲಾಖೆಗೆ ವರ್ಷಂಪ್ರತಿ ವರದಿ ಮಾಡುವುದರಿಂದ, ಆ ವರ್ಷದ ರಿಟರ್ನ್ಸ್‌ನಲ್ಲಿ ಅದು ಕಾಣದಿದ್ದಾಗ ವಿವರಣೆ ಕೇಳಿ ನೋಟಿಸ್ ಬರುವ ಸಾಧ್ಯತೆಯೂ ಇದೆ. ಆದುದರಿಂದ ರಿಟರ್ನ್ಸ್ ಸಲ್ಲಿಸುವ ಮುನ್ನ ತೆರಿಗೆ ಪೋರ್ಟಲಿನ ವಾರ್ಷಿಕ ಮಾಹಿತಿ ವಿವರಪಟ್ಟಿಯನ್ನು ತೆರೆದು, ಅಲ್ಲಿರುವ ಬಡ್ಡಿಯ ಮೊತ್ತವನ್ನು ಬ್ಯಾಂಕಿನ ಬಡ್ಡಿ ಪ್ರಮಾಣಪತ್ರದೊಂದಿಗೆ ಠೇವಣಿವಾರು ತಾಳೆ ನೋಡಬೇಕು.