ಹಾಡಿನ ಮಾತು ಮಸುಕಾಗದಂತೆ ಅನುರಣನ

ವಿಠ್ಠಲವಾಡಿಯ ನಮ್ಮ ಮಕ್ಕಳು ಅಗಸನ ಕತ್ತೆಯ ಕತೆಯನ್ನು ಹಾಡಾಗಿ ಹೇಳಿದಾಗ, ಅದರ ಧ್ವನಿಮುದ್ರಣವನ್ನು ಹದಗೊಳಿಸುವ ಹೊಣೆ ನನ್ನ ಪಾಲಿಗೆ ಬಂದಿತು. ದನಿ ತುಂಬಿ ಬರಲೆಂದು ಅನುರಣನವನ್ನು, ಅಂದರೆ ರಿವರ್ಬನ್ನು, ಧಾರಾಳವಾಗಿ ಬೆರೆಸಿದೆ. ಕೇಳಿದ ಹಿರಿಯರೊಬ್ಬರು, “ಅಲ್ಲಪ್ಪ, ಅಗಸನ ಕತೆ ಹಗ್ಗ ಕಿತ್ತುಕೊಂಡು ಓಡಿತೇ?” ಎಂದರು. ಓಡಿದ್ದು ಕತ್ತೆ!

ತಪ್ಪು ಅವರ ಕಿವಿಯದಲ್ಲ. ‘ಕತೆ’ಗೂ ‘ಕತ್ತೆ’ಗೂ ಇರುವ ಮುಖ್ಯ ಅಂತರವೆಂದರೆ ನಡುವಣ ಮೌನದ ಉದ್ದ. ಒತ್ತಕ್ಷರದಲ್ಲಿ ನಾಲಗೆ ಹೆಚ್ಚು ಹೊತ್ತು ತಡೆದು ನಿಲ್ಲುತ್ತದೆ. ನಾನಿಟ್ಟ ಅನುರಣನದ ಅವಧಿ 2.4 ಸೆಕೆಂಡು; ಅಷ್ಟರಲ್ಲಿ ಅದು 60 ಡೆಸಿಬೆಲ್ ಇಳಿಯುತ್ತದೆ. ನಿಧಾನವಾದ ಹಾಡಿನಲ್ಲಿ ಒತ್ತಿನ ಮೌನ 0.2 ಸೆಕೆಂಡು ಎಂದು ಹಿಡಿದರೆ, ಆ ಅವಕಾಶದಲ್ಲಿ ಇಳಿಯುವುದು ಬರಿಯ 5 ಡೆಸಿಬೆಲ್. ಹಿಂದಿನ ‘ಕ’ಕಾರದ ಬಾಲವೇ ಮೌನವನ್ನು ತುಂಬಿಬಿಡುತ್ತದೆ. ಅವಧಿಯನ್ನು 1.2 ಸೆಕೆಂಡಿಗೆ ತಂದಾಗ ಇಳಿತ 10 ಡೆಸಿಬೆಲ್ ಆಯಿತು. ಒತ್ತು ಮರಳಿ ಕೇಳಿಸಿತು.

ಅನಂತರ ಪ್ರಿ-ಡಿಲೇ. ಮೂಲ ದನಿ ಹೊರಟ ಎಷ್ಟು ಹೊತ್ತಿಗೆ ಅನುರಣನ ಆರಂಭವಾಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಶೂನ್ಯವಾಗಿದ್ದರೆ ವ್ಯಂಜನ ಸಿಡಿಯುವ ಕ್ಷಣದಲ್ಲೇ ಗುಂಗು ಮೇಲೆ ಬೀಳುತ್ತದೆ. ನಮ್ಮ ಹಾಡಿಗೆ ನಿಮಿಷಕ್ಕೆ 75 ಪೆಟ್ಟು. ಒಂದು ಪೆಟ್ಟಿಗೆ 800 ಮಿಲಿಸೆಕೆಂಡು. ಅದರ ಹದಿನಾರನೆಯ ಒಂದು ಪಾಲಾದ 50 ಮಿಲಿಸೆಕೆಂಡನ್ನು ಇಟ್ಟೆ. ನೂರನ್ನು ದಾಟಿಸಿ ನೋಡಿದಾಗ ಅದು ಬೇರೊಂದು ಚಪ್ಪಾಳೆಯಂತೆ ಕೇಳಿಸತೊಡಗಿತು. ಆದರೆ ಪ್ರಿ-ಡಿಲೇ ಕಾಯುವುದು ಅಕ್ಷರದ ಮೊದಲನ್ನು ಮಾತ್ರ. ಒತ್ತಿನ ಮೌನವನ್ನು ಕಾಯುವವು ಅವಧಿಯೂ ಸೆಂಡಿನ ಪ್ರಮಾಣವೂ.

ಸೆಂಡ್ ಎಂದರೆ ದನಿಯ ಒಂದು ಪಾಲನ್ನು ಅನುರಣನಕ್ಕೆ ಕಳುಹಿಸುವ ದಾರಿ. ಅಲ್ಲಿಂದ ಮರಳುವುದು ಅನುರಣನ ಮಾತ್ರವಾಗಿರಬೇಕು, ಮೂಲ ದನಿ ಬೆರೆತಿರಬಾರದು. ದಾರಿ ಫೇಡರಿನ ನಂತರದ್ದಾಗಿರಲಿ; ಇಲ್ಲವಾದರೆ ದನಿಯನ್ನು ತಗ್ಗಿಸಿದಾಗಲೂ ಗುಂಗು ಹಾಗೆಯೇ ಉಳಿದು, ಹಾಡುವವರು ಬಾವಿಯೊಳಗೆ ಇಳಿದಂತಾಗುತ್ತದೆ. ವಾದ್ಯಗಳೆಲ್ಲ ನುಡಿಯುತ್ತಿರುವಾಗ, ಅನುರಣನ ಇದೆಯೆಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ 3 ಡೆಸಿಬೆಲ್ ಇಳಿಸಿದೆ. ಅಸಲಿಗಿಂತ ಬಡ್ಡಿ ಎದ್ದು ಕಾಣಬಾರದೆಂಬುದು ನನ್ನ ವೃತ್ತಿಯ ಅಭ್ಯಾಸವೂ ಹೌದು. ಮರಳುವ ದಾರಿಯಲ್ಲಿ 200 ಹರ್ಟ್ಸ್‌ನ ಕೆಳಗಿನದನ್ನು ಕಡಿದುದರಿಂದ ಗೊಗ್ಗರು ಹೋಯಿತು. 6000ದ ಮೇಲಿನದನ್ನು ಕಡಿದುದರಿಂದ ಸಕಾರ ಶಕಾರಗಳ ಸಿಳ್ಳು ಬಾಲ ಬೆಳೆಸುವುದು ನಿಂತಿತು.

ಡಿಲೇ, ಅಂದರೆ ಮಾರ್ದನಿಯನ್ನು, ಅರ್ಧ ಪೆಟ್ಟಿಗೆ, 400 ಮಿಲಿಸೆಕೆಂಡಿಗೆ ಇಟ್ಟೆ. ತಾಳಕ್ಕೆ ಹೊಂದಿದರೂ ಅದು ಮುಂದಿನ ಪದದ ಮೇಲೆಯೇ ಬೀಳುತ್ತಿತ್ತು. ಆದಕಾರಣ ಅದರ ಸೆಂಡನ್ನು ಇಡೀ ಹಾಡಿಗೆ ಮುಚ್ಚಿ, ಸಾಲಿನ ಕೊನೆಯ ಪದಕ್ಕೆ ಮಾತ್ರ ತೆರೆದೆ; ಹುಡುಗರು ಉಸಿರೆಳೆಯುವ ವೇಳೆಯಲ್ಲಿ ಒಂದೆರಡು ಸಲ ಮರುಕಳಿಸಿ ಅಡಗಿತು.

ಇಷ್ಟಾದ ಮೇಲೂ ನನ್ನ ಕಿವಿಯನ್ನು ನಾನು ನಂಬಲಿಲ್ಲ. ಸಾಹಿತ್ಯ ಬಾಯಿಪಾಠವಾದವರಿಗೆ ಎಷ್ಟು ಮಸುಕಾದರೂ ಸ್ಪಷ್ಟವಾಗಿಯೇ ಕೇಳುತ್ತದೆ. ಹಾಡನ್ನೇ ಅರಿಯದ ನೆರೆಮನೆಯ ಅಜ್ಜಿಗೆ ಕೇಳಿಸಿ, ಕೇಳಿದ್ದನ್ನು ಹೇಳಿರೆಂದೆ. ಕಿವಿ ಮಂದವಾದ ವಯಸ್ಸಿನವರಿಗೇ ಅನುರಣನದ ತೊಡಕು ಹೆಚ್ಚು. ಅಜ್ಜಿ ಎರಡು ಪದ ತಪ್ಪಿದರು. ಸೆಂಡನ್ನು ಇನ್ನೂ 2 ಡೆಸಿಬೆಲ್ ಇಳಿಸಿದೆ. ಆಗ ಕತ್ತೆ ಕತ್ತೆಯಾಗಿಯೇ ಓಡಿತು.